ಮೂರನೆಯ ತೂತಿನ ಬಿಳಿ ಗೆರೆ

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಸೀಟ್ ಮಾವ ಅಂತಲೇ ಕರೆಯುತ್ತಿದ್ದರು. ಮದುವೆಯಿಲ್ಲ, ಮಕ್ಕಳಿಲ್ಲ. ಆದರೂ ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಸೀಟು, ತಳ್ಳುಗಾಡಿ ಇವುಗಳ ವಿಷಯದಲ್ಲಿ ಅವರ ಮಾತೇ ಕೊನೆ. ಜನ ಬಳಸಿದ ಮಕ್ಕಳ ಸಾಮಾನನ್ನು ಮಾರುವ ಆಪ್ ನಮ್ಮದು. ಮಾರುವವರು ಕಳಿಸಿದ ಫೋಟೋ ನೋಡಿ ಪಾಸು ಮಾಡುವುದು ಅಥವಾ ತಳ್ಳಿಹಾಕುವುದು ನಮ್ಮ ಕೆಲಸ. ನನ್ನ ಪಾಲಿಗೆ ತೊಟ್ಟಿಲು, ಮಂಚ. ಹಾಗಾಗಿ ನಾನು ತೊಟ್ಟಿಲಕ್ಕ. ಈ ಹೆಸರಿಟ್ಟ ಮಹಾನುಭಾವ ಯಾರೋ ಗೊತ್ತಿಲ್ಲ, ಸಿಕ್ಕಿದರೆ ಕಿವಿ ಹಿಂಡುತ್ತೇನೆ.

ಮಾವ ಮಾತಿನಲ್ಲಿ ಜಿಪುಣ. ಫೋಟೋ ಮುಂದೆ ಕೂತರೆ ಮಾತ್ರ ಬಾಯಿ ಬಿಡುತ್ತಿದ್ದರು. ಒಮ್ಮೆ ಪಳಪಳ ಹೊಳೆಯುವ ಸೀಟೊಂದು ಬಂದಿತ್ತು. ಸುರಕ್ಷತಾ ಮಾನದಂಡದ ಕಿತ್ತಳೆ ಲೇಬಲ್ಲೂ ಇತ್ತು. ನಾನಾಗಿದ್ದರೆ ಕಣ್ಣುಮುಚ್ಚಿ ಪಾಸು ಮಾಡುತ್ತಿದ್ದೆ.

"ತೊಟ್ಟಿಲಕ್ಕ, ಈ ಲೇಬಲ್ ಅಂಚು ನೋಡಿ. ಒಳಗೆ ಗಾಳಿಗುಳ್ಳೆ. ಬೇರೆ ಸೀಟಿಂದ ಕಿತ್ತು ಅಂಟಿಸಿದ್ದಾರೆ."

"ಅದು ಹ್ಯಾಗೆ ಗ್ಯಾರಂಟಿ?"

ಅವರು ಸೀಟಿನ ತಳದ ಫೋಟೋ ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ಅಚ್ಚಿನಲ್ಲೇ ಮೂಡಿದ ಪುಟ್ಟ ಗಡಿಯಾರದಂಥ ಗುರುತು. ನಡುವೆ ಸೀಟು ತಯಾರಾದ ವರ್ಷ, ಬಾಣ ತೋರಿಸುವುದು ತಿಂಗಳು. ಲೇಬಲ್ಲಿನ ಮೇಲಿದ್ದ ಮಾನದಂಡ ಅದಕ್ಕಿಂತ ಎಷ್ಟೋ ಹಿಂದೆಯೇ ರದ್ದಾಗಿತ್ತು. ಆಮೇಲೆ ಬೆಲ್ಟಿನ ಹೊಲಿಗೆ ತೋರಿಸಿದರು. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಹಲ್ಲುಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಬಿಟ್ಟುಹೋಗಿತ್ತು. ಮಾವ ತಳ್ಳಿಹಾಕಿ, ಯಾರನ್ನೋ ಬೈದುಕೊಂಡು ಚಹಾಕ್ಕೆ ಎದ್ದರು.

ಮಧ್ಯಾಹ್ನ ನಾವೆಲ್ಲ ಗುಂಪಾಗಿ ಊಟ ಮಾಡಿದರೆ ಅವರು ಕಿಟಕಿ ಪಕ್ಕ ಒಬ್ಬರೇ ಕೂರುತ್ತಿದ್ದರು. ಕರೆದರೆ "ನೀವು ಮುಗಿಸಿ" ಅನ್ನುವರು. ಮೊದಮೊದಲು ಕೊಬ್ಬು ಅಂದುಕೊಂಡಿದ್ದೆ. ಅವರಿಗೆ ಅಕ್ಕನ ಮಗಳೊಬ್ಬಳೇ ಸೋದರಸೊಸೆ, ಆ ಮನೆಗೆ ಮೂರು ವರ್ಷದಿಂದ ಹೋಗಿಲ್ಲ ಎಂಬುದು ಗೊತ್ತಾದ ಮೇಲೆ ನನಗೇ ಒಂದು ಥರ ಆಯಿತು.

ಆದದ್ದಿಷ್ಟು. ಆ ಮಗುವಿಗೆ ಎರಡು ವರ್ಷವಾದಾಗ ಮಾವ ತಾವೇ ಆರಿಸಿ ಸೀಟು ಕೊಂಡುಕೊಟ್ಟಿದ್ದರು. ಒಂದು ದಿನ ಅವರ ಭಾವ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡೇ ಕಾರು ಓಡಿಸಲು ಹೊರಟಾಗ ಮಾವ ಬಾಗಿಲಿಗೆ ಅಡ್ಡ ನಿಂತರು. ಮಾತಿಗೆ ಮಾತು ಬೆಳೆಯಿತು. "ಮಕ್ಕಳಿಲ್ಲದವನು ನನಗೆ ಮಗು ಸಾಕೋದು ಹೇಳ್ಕೊಡ್ಬೇಡ" ಅಂದರಂತೆ ಭಾವ. ಅಕ್ಕ ಸುಮ್ಮನಿದ್ದದ್ದೇ ಅವರಿಗೆ ಹೆಚ್ಚು ನಾಟಿತು.

ಮೊನ್ನೆ ಬೆಳಿಗ್ಗೆ ಮಾವ ನನ್ನ ಕುರ್ಚಿಯನ್ನೇ ಎಳೆದರು. ಮುಖದಲ್ಲಿ ನಗು.

"ಬನ್ನಿ ಇಲ್ಲಿ. ಈ ಬಾತುಕೋಳಿ ನೋಡಿ."

ಬೂದು ಬಣ್ಣದ ಸೀಟು. ತಲೆಗೆ ಆಸರೆಯಾಗುವ ಪಕ್ಕದ ರೆಕ್ಕೆಯ ಮೇಲೆ ಹಳದಿ ಬಾತುಕೋಳಿಯ ಸ್ಟಿಕ್ಕರ್, ತಲೆಕೆಳಗಾಗಿ. ಸೀಟು ಕೊಟ್ಟ ದಿನವೇ ಮಗು ಅಂಟಿಸಿದ್ದಂತೆ. ಅಂಟು ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ ಅಂತ ಮಾವ ರೇಗಿದ್ದರು, ಅವಳು ಅಳಲು ಶುರುಮಾಡಿದ್ದೇ ತೆಪ್ಪಗಾಗಿದ್ದರು. ಮಾರುವವರ ಹೆಸರು ನಮಗೆ ಕಾಣುವುದಿಲ್ಲ. ಬಾತುಕೋಳಿ ಕಂಡಿತಲ್ಲ, ಸಾಕು.

"ಭುಜದ ಬೆಲ್ಟು ಎಲ್ಲಿದೆ ನೋಡಿ. ನಾನು ಕೊಟ್ಟಾಗ ಕೆಳಗಿಂದ ಎರಡನೇ ತೂತಲ್ಲಿ ಹಾಕಿದ್ದೆ. ಈಗ ಮೇಲಿನ ನಾಲ್ಕನೇದಕ್ಕೆ ಬಂದಿದೆ. ಅಷ್ಟು ಎತ್ತರ ಆಗಿದ್ದಾಳೆ!"

ಮೂರು ವರ್ಷದಲ್ಲಿ ಸೊಸೆಯ ಬಗ್ಗೆ ಅವರಿಗೆ ಸಿಕ್ಕಿದ ಮೊದಲ ಸುದ್ದಿ ಅದು. ಗುರುತಿನವರ ಸಾಮಾನು ಬಂದರೆ ಇನ್ನೊಬ್ಬರಿಗೆ ದಾಟಿಸಬೇಕು ಅನ್ನುವುದು ಆಫೀಸಿನ ನಿಯಮ. ಆದ್ದರಿಂದ ಅದು ನನ್ನ ಪಾಲಿಗೆ ಬಂತು. "ಅಪಘಾತಕ್ಕೆ ಒಳಗಾಗಿಲ್ಲ" ಎಂಬಲ್ಲಿ ಟಿಕ್ ಇತ್ತು. ಬಟ್ಟೆ ಹೊದಿಕೆ ತೆಗೆದ ಫೋಟೋ ಇರಲಿಲ್ಲ. ಹೊದಿಕೆ ತೆಗೆದೇ ನೋಡಬೇಕು ಅಂತ ಮಾವ ನನಗೆ ಕಲಿಸಿದ್ದರು, ಆ ಫೋಟೋ ಕೇಳಿದೆ.

ಫೋಟೋ ಬಂತು. ದೊಡ್ಡದು ಮಾಡಿ ನೋಡಿ ಮಾವನನ್ನು ಕರೆಯಲೋ ಬೇಡವೋ ಅಂತ ಸ್ವಲ್ಪ ಹೊತ್ತು ಕೂತೆ. ಅಷ್ಟರಲ್ಲಿ ಅವರೇ ನನ್ನ ಹಿಂದೆ ನಿಂತಿದ್ದರು.

ಕಾರಿನ ಬೆಲ್ಟು ಹಾಯುವ ಜಾಗದಲ್ಲಿ ಬೂದು ಪ್ಲಾಸ್ಟಿಕ್ ಬಿಳಿಚಿಕೊಂಡಿತ್ತು. ಪ್ಲಾಸ್ಟಿಕ್ ಜೋರಾಗಿ ಬಾಗಿ ಮತ್ತೆ ನೆಟ್ಟಗಾದರೆ ಉಳಿಯುವ ಬಿಳಿ ಗೆರೆಗಳು. ಅಂಥದೇ ಗೆರೆ ಭುಜದ ಬೆಲ್ಟಿನ ತೂತುಗಳ ಅಂಚಿನಲ್ಲೂ ಇತ್ತು. ಬೆಲ್ಟಿನ ಹೊಲಿಗೆಯ ದಾರಗಳು ಒಂದೇ ದಿಕ್ಕಿಗೆ ಎಳೆದುಕೊಂಡಿದ್ದವು.

"ಗುದ್ದಿದೆ" ಅಂದರು ಮಾವ. "ಜೋರಾಗೇ ಗುದ್ದಿದೆ."

ಮಗು ಬೆಳೆದದ್ದಕ್ಕೆ ಸೀಟು ಮಾರುತ್ತಿದ್ದಾರೋ, ಮಗುವೇ ಇಲ್ಲವೋ?

ಮಾವ ಬಗ್ಗಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದರು. ತೂತುಗಳನ್ನು ಕೆಳಗಿನಿಂದ ಬೆರಳಿಟ್ಟು ಎಣಿಸಿದರು.

"ಬಿಳಿ ಗೆರೆ ಇರೋದು ಮೂರನೇ ತೂತಲ್ಲಿ. ನಾಲ್ಕನೇದು ಸ್ವಚ್ಛ."

"ಅಂದ್ರೆ?"

"ಗುದ್ದಿದಾಗ ಬೆಲ್ಟು ಮೂರನೇದರಲ್ಲಿತ್ತು. ಆಮೇಲೆ ಯಾರೋ ಮೇಲಕ್ಕೆ ಏರಿಸಿದ್ದಾರೆ. ಮಗು ಬೆಳೆದ್ರೆ ತಾನೇ ಏರಿಸೋದು?" ಕುರ್ಚಿಗೆ ಕುಸಿದರು. "ಬದುಕಿದ್ದಾಳೆ. ಆದ್ರೆ ಅದೇ ಒಡೆದ ಸೀಟಲ್ಲಿ ಕೂರಿಸ್ಕೊಂಡು ಓಡಾಡಿದ್ದಾರೆ, ಬುದ್ಧಿಗೇಡಿಗಳು."

"ಇನ್ನೊಂದು ಮಗುವಿಗೆ ಏನಾದ್ರೂ ಏರಿಸಿದ್ರೆ..." ಅಂದುಬಿಟ್ಟೆ. ನನ್ನ ನಾಲಿಗೆಗೆ ಬುದ್ಧಿಯಿಲ್ಲ.

ಮಾರುವವರಿಗೆ ನಾವು ಫೋನ್ ಮಾಡುವ ಹಾಗಿಲ್ಲ. ಮಾವ ಮಾಡಿದರು. ಮೆಟ್ಟಿಲ ಬಳಿ ಹೋಗಿ, ಅಕ್ಕನ ನಂಬರಿಗೆ. ನಾನು ಹಿಂದೆಯೇ ಹೋದೆ, ಬೈದರೂ ಸರಿ ಅಂತ. ಫೋನು ತೆಗೆದದ್ದು ಪುಟ್ಟ ಹುಡುಗಿ. ಆ ದನಿ ನನಗೂ ಕೇಳಿಸಿತು.

"ಯಾರು?"

"ನಾನು ಮಾವ, ಪುಟ್ಟಿ."

"ಯಾವ ಮಾವ?"

ಇಡೀ ಆಫೀಸಿಗೆ ಮಾವನಾದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡರು.

"ಏನಾಯ್ತು ಅಕ್ಕ? ಯಾವಾಗ ಆಯ್ತು?"

"ಹೋದ ವರ್ಷ ಕಣೋ. ಅವಳಿಗೆ ಒಂದು ಗೀರೂ ಆಗ್ಲಿಲ್ಲ. ನೀನು ಕೊಟ್ಟ ಸೀಟು. ನಿನಗೆ ಹೇಳೋಕೆ ಯಾವ ಮುಖ ಇತ್ತು ನನಗೆ?"

"ಅದನ್ನ ಮಾರಬೇಡ ಅಕ್ಕ. ಇನ್ನೊಂದು ಮಗು ಕೂರುತ್ತೆ ಅದರಲ್ಲಿ. ಬೆಲ್ಟು ಕತ್ತರಿಸಿ ಬಿಸಾಕು."

"ಇವರು ಬಂದ್ರು, ಇಡ್ತೀನಿ."

ನಾನು ಸೀಟನ್ನು ತಳ್ಳಿಹಾಕಿದೆ. ಗುದ್ದಿದ ಸೀಟನ್ನು ಯಾರೂ ಮತ್ತೆ ಬಳಸದಂತೆ ಬೆಲ್ಟು ಕತ್ತರಿಸಿದ ಫೋಟೋ ಕಳಿಸಿ ಅಂತ ಇಂಥವರಿಗೆಲ್ಲ ಬರೆಯುತ್ತೇವೆ, ಕಳಿಸುವವರು ಅಪರೂಪ. ಮಾವ ಕಿಟಕಿ ಪಕ್ಕ ಒಬ್ಬರೇ ಊಟ ಮಾಡುತ್ತ, ಫೋನನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಅದು ಬಡಿದುಕೊಳ್ಳಲಿಲ್ಲ.

ಮುಂದಿನ ವಾರ ಫೋಟೋ ಬಂತು. ಬೂದು ಸೀಟು, ಬೆಲ್ಟುಗಳು ಬುಡದಲ್ಲೇ ಕತ್ತರಿಸಿ ಹೋಗಿದ್ದವು. ನಾನು ಮಾವನನ್ನು ಕರೆದೆ. ಅವರು ಬೆಲ್ಟು ನೋಡಲಿಲ್ಲ, ಪಕ್ಕದ ರೆಕ್ಕೆ ದೊಡ್ಡದು ಮಾಡಿದರು. ಬಿಸಿಲಿಗೆ ಬಣ್ಣ ಕಳೆದುಕೊಂಡ ಪ್ಲಾಸ್ಟಿಕ್ಕಿನ ನಡುವೆ, ತಲೆಕೆಳಗಾದ ಬಾತುಕೋಳಿಯ ಆಕಾರದಲ್ಲಿ ಸೀಟು ಹೊಸದಿದ್ದಾಗಿನ ಬೂದು ಬಣ್ಣ ಹಾಗೇ ಉಳಿದಿತ್ತು. ಯಾರೋ ಸ್ಟಿಕ್ಕರನ್ನು ಉಗುರಲ್ಲಿ ನಿಧಾನವಾಗಿ ಬಿಡಿಸಿ, ಒಂದು ಚೂರೂ ಹರಿಯದಂತೆ ತೆಗೆದುಕೊಂಡಿದ್ದರು.