ಊದಿದ ಕಾಲಿನ ಅಳತೆ

ಕಾಗವಾಡದ ಗಿರಾಕಿಗೆ ಚಪ್ಪಲಿ ಕೊಟ್ಟು ಬರಲು ಹೋದವಳು ಬಸ್ಸಿನಿಂದ ಇಳಿಯುವಾಗ ಎಡಗಾಲು ಉಳುಕಿಸಿಕೊಂಡೆ. ಮೂಳೆ ಮುರಿದಿರಲಿಲ್ಲ, ಪಾದ ಮಾತ್ರ ಊದಿತ್ತು. ಅಥಣಿಯ ಡಾಕ್ಟರು ನನ್ನ ಕಾಲು ನೋಡಿ, ಆಮೇಲೆ ಚಪ್ಪಲಿ ನೋಡಿದರು.

"ಇದು ಈಗ ಬ್ಯಾಡ್ರಿ. ಲೇಸ್ ಕಟ್ಟೋ ಬೂಟ ಹಾಕ್ರಿ. ಹಿಮ್ಮಡಿ ಗಟ್ಟಿ ಹಿಡೀಬೇಕು. ಬೆರಳ ಹತ್ರ ಅಷ್ಟ ಬಗ್ಗಬೇಕು, ನಡುವ ಬಗ್ಗಬಾರದು."

ನಮ್ಮದು ಚಪ್ಪಲಿ ಮಾಡುವ ಮನೆ. ಅಪ್ಪ ತೊಗಲು ಕತ್ತರಿಸಿ ಹೊಲಿಯುತ್ತಿದ್ದ, ಅಣ್ಣ ಕೈಜೋಡಿಸುತ್ತಿದ್ದ, ನಾನು ಪಟ್ಟಿಯ ಮೇಲಿನ ಜಡೆ ಹೆಣೆಯುತ್ತಿದ್ದೆ. ಅಂಥ ಮನೆಗೆ ಅಂಗಡಿಯ ಬೂಟು! ಅಪ್ಪನ ಮುಖ ಸಪ್ಪಗಾಯಿತು. ಆದರೂ ಅಂಗಡಿಗೆ ಅವನೇ ಜೊತೆಗೆ ಬಂದು, ಒಂದೊಂದು ಬೂಟಿನ ಹಿಮ್ಮಡಿ ಹಿಚುಕಿ ನೋಡಿದ. "ಇದು ಒದ್ದಿ ಬಟ್ಟಿಯಂಗ ಹಿಂಡಾಕ ಬರತೈತಿ, ತಗೀರಿ" ಎಂದು ನಾಲ್ಕು ಜೋಡಿ ಸರಿಸಿದ. ಐದನೆಯದಕ್ಕೆ ಕುಕ್ಕರಗಾಲಲ್ಲಿ ಕುಳಿತು ತಾನೇ ಲೇಸು ಕಟ್ಟಿದ.

ಎರಡನೆಯ ವಾರ ಕಾಗದ ಹಾಸಿ ನನ್ನ ಎರಡೂ ಪಾದಗಳ ಸುತ್ತ ಪೆನ್ಸಿಲು ಎಳೆದ. ವಾಸಿಯಾದ ಮೇಲೆ ಹಾಕಿಕೊಳ್ಳಲು ಹೊಸ ಜೋಡಿಯಂತೆ. ಊದಿದ ಕಾಲಿನ ಅಳತೆ ಕೊಡಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವನು ಮಗಳ ಕಾಲಿನ ಮುಂದೆ ಅದನ್ನೇ ಮರೆತ. ನನಗೂ ಹೊಳೆಯಲಿಲ್ಲ.

ಕುಂಟದೆ ನಡೆಯಬೇಕು, ಎಡಗಾಲೊಂದರ ಮೇಲೆ ಮೂವತ್ತು ಎಣಿಸುವವರೆಗೆ ನಿಲ್ಲಬೇಕು, ಅದೇ ಕಾಲಿನ ತುದಿಬೆರಳ ಮೇಲೆ ಹತ್ತು ಸಲ ಏಳಬೇಕು, ನೋವಿರಬಾರದು. ಆಗ ಚಪ್ಪಲಿ, ಅದೂ ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು ಎಂದಿದ್ದರು ಡಾಕ್ಟರು. "ಇವತ್ತ ಎಷ್ಟ ಎಣಿಸಿದಿ?" ಅಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದ.

ಐದನೆಯ ವಾರ ಚಪ್ಪಲಿ ಸಿದ್ಧವಾಯಿತು. ನಾನಿನ್ನೂ ಇಪ್ಪತ್ತಕ್ಕೇ ತೂರಾಡುತ್ತಿದ್ದೆ.

"ಒಂದೀಟ ಹಾಕ್ಕೊಂಡ ತೋರ್ಸವ್ವಾ."

ನನ್ನದು ಮೂಗಿನ ತುದಿಯ ಸಿಟ್ಟು. "ನಿನ್ನ ಚಪ್ಪಲಿ ಸಲವಾಗಿ ಮತ್ತ ಕಾಲು ಉಳುಕಿಸ್ಕೊಳ್ಳಲೇನಪ್ಪಾ?" ಎಂದೆ. ಅವನು ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನೇನು ನಡೆದು ತೋರಿಸು ಎಂದಿದ್ದನೇ? ಕುಳಿತಲ್ಲೇ ಹಾಕಿ ತೋರಿಸಬಹುದಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ತಿಂಗಳಿಗೆ ಮೂವತ್ತು ಎಣಿಸಿ ನಿಂತೆ, ಹತ್ತು ಸಲ ಎದ್ದೆ. ಕಾಗದ ಬಿಚ್ಚಿದೆ. ಬಲಗಾಲಿನದು ಅಚ್ಚು ಹಾಕಿದಂತೆ ಕೂತಿತು. ಎಡಗಾಲಿನದು ಸಡಿಲ, ಪಾದ ಒಳಗೇ ಜಾರುತ್ತಿತ್ತು. ಅಂಥದ್ದರಲ್ಲಿ ನಡೆದರೆ ಮತ್ತೆ ಉಳುಕುವುದು ಖಂಡಿತ.

"ಹೊಲಿಗಿ ಬಿಚ್ಚಿ ಬಿಗಿ ಮಾಡಿಕೊಡ್ತೀನಿ, ತಾ ಇಲ್ಲೆ" ಎಂದ ಅಣ್ಣ.

"ಬ್ಯಾಡಣ್ಣಾ. ಅಪ್ಪನ ಹೊಲಿಗಿ ಬಿಚ್ಚಬ್ಯಾಡ."

ಈಗ ಅಣ್ಣ ಮಾಡಿಕೊಟ್ಟ ಜೋಡಿಯಲ್ಲಿ ಓಡಾಡುತ್ತೇನೆ. ಅಪ್ಪನದನ್ನು ಒಮ್ಮೊಮ್ಮೆ ಅವನು ಕೂರುತ್ತಿದ್ದ ಜಾಗದೆದುರು ಕುಳಿತು ಹಾಕಿಕೊಂಡು, ಎರಡೂ ಕಾಲು ಮುಂದೆ ಚಾಚುತ್ತೇನೆ. ಎದ್ದು ನಿಲ್ಲುವುದಿಲ್ಲ.