ಹದಿನೇಳನೇ ಪ್ರಶ್ನೆಯ ನಾಗರತ್ನಾ ಟೀಚರ್

ಬೆಳಗಿನ ಐದು ಗಂಟೆ. ಹತ್ತಿಮತ್ತೂರಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ನಾಗರತ್ನಾ ಟೀಚರ್ ಚಹಾಕ್ಕೆ ನೀರಿಟ್ಟು, ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಾರೆ. ದಿನಕ್ಕೆ ಅರವತ್ತು ಹಾಳೆ, ಅದರ ಮೇಲೆ ಒಂದೂ ಇಲ್ಲ. ಹೆಚ್ಚಾದರೆ ಕಣ್ಣು ಮೋಸ ಮಾಡುತ್ತದೆ ಎಂಬುದು ಅವರ ನಂಬಿಕೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ಈ ನಾಲ್ಕು ತಾಲ್ಲೂಕಿನ ಶಿಕ್ಷಕರ ಬಳಗವೊಂದು ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ಜೂನ್‌ನಲ್ಲಿ ವಿಜ್ಞಾನದ ಪರೀಕ್ಷೆ ನಡೆಸುತ್ತದೆ. ಮೊದಲ ಇಪ್ಪತ್ತು ಮಕ್ಕಳಿಗೆ ಎರಡು ವರ್ಷ ಊಟ, ವಸತಿ, ಪಾಠ ಎಲ್ಲ ಪುಕ್ಕಟೆ. ಒಬ್ಬರು ಒಮ್ಮೆ ಮಾತ್ರ ಬರೆಯಬಹುದು. ಹನ್ನೊಂದು ವರ್ಷಗಳಿಂದ ಅದರ ನಲವತ್ತು ಪ್ರಶ್ನೆ ತೆಗೆಯುವವರೂ, ತಿದ್ದುವವರೂ ಈ ಟೀಚರೇ. ಸಂಭಾವನೆ ಒಂದು ಶಾಲು. ಅದೂ ಕೆಲವು ವರ್ಷ ಮರೆತುಹೋಗುತ್ತದೆ.

ಈ ಸಲ ಮೂರನೇ ಬೆಳಗ್ಗೆ ಹಾನಗಲ್ ಕೇಂದ್ರದ ಕಟ್ಟಿನಲ್ಲಿ ಒಂದು ಹಾಳೆ ಅವರ ಕೈ ಹಿಡಿದು ನಿಲ್ಲಿಸುತ್ತದೆ. ನಲವತ್ತರಲ್ಲಿ ಮೂವತ್ತಾರು ಸರಿ. ಪ್ರತಿ ಉತ್ತರದ ಗುಂಡಿಯನ್ನೂ ಗೆರೆ ದಾಟದಂತೆ ತುಂಬಿದ ಮಗು. ಆದರೆ ಹದಿನೇಳನೇ ಪ್ರಶ್ನೆಗೆ ಎರಡು ಗುಂಡಿ ತುಂಬಿದೆ. ಎರಡು ತುಂಬಿದರೆ ಸೊನ್ನೆ ಎಂದು ಹಾಳೆಯ ತಲೆಯ ಮೇಲೇ ಅಚ್ಚಾಗಿದೆ.

"ಇಷ್ಟು ಹುಷಾರ ಹುಡುಗ, ಇಲ್ಲೇ ಯಾಕ ಎಡವಿದ ಅಂತ ಅನ್ನಿಸ್ತ್ರಿ. ಎಡವಿದ್ದು ಅವ ಅಲ್ಲ, ನಾ ಅಂತ ಆಮ್ಯಾಲ ಗೊತ್ತಾತು" ಎಂದು ನಗುತ್ತಾರೆ ಟೀಚರ್.

ಪ್ರಶ್ನೆ ಹೀಗಿದೆ: ಇವುಗಳಲ್ಲಿ ಕೂರಿಗೆಯಿಂದ ಬಿತ್ತುವ ಬೆಳೆ ಯಾವುದು? ಕಬ್ಬು, ಜೋಳ, ಭತ್ತ, ಬಾಳೆ. ಎತ್ತು ಎಳೆಯುವ ಆ ಬಿತ್ತನೆಯ ಸಾಧನಕ್ಕೆ ಟೀಚರ್ ಇಟ್ಟುಕೊಂಡ ಉತ್ತರ, ಜೋಳ. ಹತ್ತಿಮತ್ತೂರಿನ ಎರೆ ಹೊಲದಲ್ಲಿ ಹುಟ್ಟಿದ, ಕೂಲಿಗೆ ಹೋಗುತ್ತಿದ್ದ ಅವ್ವನ ಹಿಂದೆ ಜೋಳದ ಸಾಲಿನಲ್ಲೇ ಆಡಿ ಬೆಳೆದ ಹೆಣ್ಣುಮಗಳಿಗೆ ಇದರಲ್ಲಿ ಅನುಮಾನ ಎಲ್ಲಿಂದ ಬರಬೇಕು? ಭತ್ತವನ್ನು ಕೆಸರಿನಲ್ಲಿ ನಾಟಿ ಮಾಡುತ್ತಾರೆ ಎಂದು ಅವರು ಕಲಿತದ್ದೂ ಹಾಗೆ, ಹತ್ತೊಂಬತ್ತು ವರ್ಷ ಕಲಿಸಿದ್ದೂ ಹಾಗೆ.

ಆದರೆ ಆ ಹಾಳೆಯಲ್ಲಿ ತುಂಬಿದ್ದು ಜೋಳ, ಭತ್ತ ಎರಡೂ; ಅನುಮಾನ ಬಂದ ಮೇಲೆ ಅವರು ಸುಮ್ಮನೆ ಕೂರುವ ಪೈಕಿ ಅಲ್ಲ. ಎಲ್ಲ ತಿದ್ದಿ ಮುಗಿದ ಮೇಲೆ ನಾನೂರಾ ಹನ್ನೆರಡು ಹಾಳೆಗಳನ್ನೂ ಮತ್ತೆ ತೆಗೆದು, ಹದಿನೇಳನೇ ಪ್ರಶ್ನೆಯೊಂದನ್ನೇ ಹಿಡಿದು, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಎಣಿಸುತ್ತಾರೆ. ಜೋಳ ಎಂದವರು ಇನ್ನೂರಾ ಹದಿನಾಲ್ಕು. ಭತ್ತ ಎಂದವರು ನೂರಾ ಐವತ್ತೊಂದು. ಎರಡನ್ನೂ ತುಂಬಿದವರು ಏಳು. ಕಬ್ಬು, ಬಾಳೆ ಎಂದವರು ಮೂವತ್ತೊಂದು. ಉಳಿದ ಒಂಬತ್ತು ಖಾಲಿ. ಭತ್ತದವರಲ್ಲಿ ತೊಂಬತ್ತಾರು ಮಕ್ಕಳು ಹಾನಗಲ್ ಕೇಂದ್ರದವರು, ಟೀಚರ್ ಇರುವ ಸವಣೂರು ತಾಲ್ಲೂಕಿನವರು ಮೂವರೇ. ಇನ್ನೊಂದು ಸಂಗತಿಯೂ ಇದೆ. ಉಳಿದ ಪ್ರಶ್ನೆಗಳಲ್ಲಿ ಎಲ್ಲರಿಗಿಂತ ಮುಂದಿರುವ ನಲವತ್ತು ಮಕ್ಕಳಲ್ಲಿ ಹದಿನೇಳು ಜನ ಭತ್ತ ಎಂದಿದ್ದಾರೆ.

"ಪಾಠ ಬರಲಾರದವ್ರು ತಪ್ಪಿದ್ರ ಪ್ರಶ್ನೆ ಕಠಿಣ ಐತಿ ಅಂತ ತಿಳೀಬೇಕ್ರಿ. ಬರುವವ್ರ ಒಂದ ಕಡೆ ಗುಂಪಾಗಿ ತಪ್ಪಿದ್ರ, ಪ್ರಶ್ನಿನ ತಪ್ಪೈತಿ."

ಭಾನುವಾರ ಮೊದಲ ಬಸ್ಸು ಹಿಡಿದು ಅವರು ಹಾನಗಲ್ ಕಡೆಯ ಅಕ್ಕಿಆಲೂರಿಗೆ ಹೋಗುತ್ತಾರೆ. ಫೋನಿನಲ್ಲಿ ಕೇಳಿದ್ದರೆ ಸಾಲದೇ ಎಂದರೆ, ಕಣ್ಣಾರೆ ನೋಡಬೇಕು ಎನ್ನುತ್ತಾರೆ. ಊರಾಚೆಯ ಹೊಲದಲ್ಲಿ ಗುಡ್ಡಪ್ಪ ಎಂಬ ರೈತರು ಎತ್ತು ಹೂಡಿದ್ದಾರೆ. ಅವರ ಹೆಂಡತಿ ಕರೆವ್ವ ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುತ್ತಾ ನಡೆಯುತ್ತಿದ್ದಾರೆ. ಬೀಜ ಬಿದಿರ ಕೊಳವೆಗಳಲ್ಲಿ ಇಳಿದು ಒಣ ಮಣ್ಣಿನ ಸಾಲು ಸೇರುತ್ತಿದೆ. ಟೀಚರ್ ಬಗ್ಗಿ ಒಂದು ಕಾಳು ಎತ್ತಿ ನೋಡುತ್ತಾರೆ. ಭತ್ತ!

"ನಾಟಿ ಮಾಡೂದು ಕೆರಿ ನೀರ ಇದ್ದವ್ರು, ಟೀಚರ್ರ. ಮಳಿ ನಂಬಿದವ್ರು ನಾವು, ನಮ್ಮಜ್ಜನ ಕಾಲದಿಂದ ಕೂರಿಗಿನ" ಎನ್ನುತ್ತಾರೆ ಗುಡ್ಡಪ್ಪ.

ಟೀಚರ್ ಕೇಳಿಕೊಂಡು ತಾವೂ ಒಂದು ಸುತ್ತು ಬೀಜ ಬಿಡುತ್ತಾರೆ. ಒಂದು ಸಾಲಿಗೆ ಗುಪ್ಪೆ ಬಿದ್ದರೆ, ಇನ್ನೊಂದಕ್ಕೆ ಏನೂ ಇಲ್ಲ. ಕರೆವ್ವ ಬಿಟ್ಟರೆ ಎಲ್ಲ ಸಾಲಿಗೂ ಸರಿಸಮ. ಅಳತೆಯಿಲ್ಲ, ತಕ್ಕಡಿಯಿಲ್ಲ, ಬರೀ ಬೆರಳು. ಇದನ್ನು ಹೇಳುವಾಗ ಟೀಚರ್ ಕಣ್ಣು ಈಗಲೂ ಅರಳುತ್ತದೆ. "ಮೂವತ್ತು ಮೈಲಿ ದೂರದಾಗ ಇಂಥಾದ್ದು ಇಟಗೊಂಡು, ಪುಸ್ತಕ ನೋಡಿ ಪ್ರಶ್ನಿ ತಗದೇನಲ್ರಿ ನಾ!"

ತಪ್ಪು ಗೊತ್ತಾಯಿತು. ಯಾರೂ ದೂರು ಕೊಟ್ಟಿಲ್ಲ, ಯಾರಿಗೂ ಸುಳಿವಿಲ್ಲ. ಸುಮ್ಮನಿದ್ದರೆ ಪಟ್ಟಿಯಲ್ಲಿ ಇಪ್ಪತ್ತನೆಯವಳು ಜಯಶ್ರೀ. ಟೀಚರ್ ಅವರ ಶಾಲೆಯ ಹುಡುಗಿ, ಈ ಹನ್ನೊಂದು ವರ್ಷಗಳಲ್ಲಿ ಆ ಶಾಲೆಯಿಂದ ಅಷ್ಟು ಮೇಲೆ ಬಂದವಳು ಅವಳೊಬ್ಬಳೇ. ಪ್ರವೇಶಪತ್ರ ಕೊಟ್ಟವರೇ ಟೀಚರ್ ಆದ್ದರಿಂದ ಅವಳ ನಂಬರು ಅವರಿಗೆ ಬಾಯಿಪಾಠ. ಅವಳು ಜೋಳ ಎಂದಿದ್ದಾಳೆ. ಭತ್ತಕ್ಕೂ ಅಂಕ ಕೊಟ್ಟರೆ ಹೊಸಬರು ನಾಲ್ವರು ಮೇಲೇರುತ್ತಾರೆ, ಜಯಶ್ರೀ ಇಪ್ಪತ್ತನಾಲ್ಕಕ್ಕೆ ಇಳಿಯುತ್ತಾಳೆ. ಅವಳಿಗೆ ಇನ್ನೊಂದು ಅವಕಾಶವಿಲ್ಲ.

ಆ ರಾತ್ರಿ ಟೀಚರ್ ಪಟ್ಟಿಯನ್ನು ಮತ್ತೊಮ್ಮೆ ಲೆಕ್ಕ ಹಾಕುತ್ತಾರೆ; ಜಯಶ್ರೀ ಇಪ್ಪತ್ತನಾಲ್ಕರಲ್ಲೇ ಉಳಿಯುತ್ತಾಳೆ. ಆದರೂ ಮರುದಿನ ಬಳಗದ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರ್ ಶಿವಾನಂದ ಅವರ ಮುಂದೆ ನೋಟ್‌ಬುಕ್ಕು ಇಡುತ್ತಾರೆ.

"ಎಲ್ಲಾರಿಗೂ ಒಂದೊಂದು ಮಾರ್ಕ್ ಕೊಟ್ಟು ಬಿಡ್ರಿ, ಜಗಳಾನ ಬ್ಯಾಡ" ಎನ್ನುತ್ತಾರೆ ಶಿವಾನಂದ.

"ಎಲ್ಲಾರಿಗೂ ಕೊಡೂದೂ ಒಂದ, ಪ್ರಶ್ನಿ ತಗದ ಹಾಕೂದೂ ಒಂದ ಸರ್. ಯಾರ ಹಿಂದ ಯಾರು ಅನ್ನೂದು ಎರಡರಾಗೂ ಅಷ್ಟ ಇರ್ತೈತಿ. ಬಾಳಿ ಅಂದವನಿಗೂ, ಗೊತ್ತಿದ್ದು ಬರೆದವನಿಗೂ ಫರಕ್ ಉಳಿಯಾಂಗಿಲ್ಲ. ಸರಿ ಬರೆದವ್ರು ಏನ ತಪ್ಪ ಮಾಡ್ಯಾರ?"

"ಮತ್ತ ಎರಡೂ ತುಂಬಿದ ಏಳು ಮಂದಿ? ರೂಲ್ ಪ್ರಕಾರ ಸೊನ್ನಿ."

ಟೀಚರ್ ಇದಕ್ಕೂ ಸಿದ್ಧರಾಗಿಯೇ ಬಂದಿದ್ದಾರೆ. ಗೊತ್ತಿಲ್ಲದವರು ಎರಡು ತುಂಬಿ ಅದೃಷ್ಟ ನೋಡಬಾರದು ಎಂದೇ ಆ ನಿಯಮ. ಇಲ್ಲಿ ತುಂಬಿದ ಎರಡೂ ನಿಜ, ತಪ್ಪು ಗುಂಡಿ ಒಂದೂ ಇಲ್ಲ. ಏಳರಲ್ಲಿ ಆರು ಮಕ್ಕಳು ಬೇರೆಲ್ಲೂ ಎರಡು ತುಂಬಿಲ್ಲ. ಒಬ್ಬ ಮಾತ್ರ ಇನ್ನೂ ಮೂರು ಕಡೆ ತುಂಬಿದ್ದಾನೆ. ಆ ಮೂರಕ್ಕೆ ಸೊನ್ನೆಯೇ, ಆದರೆ ಹದಿನೇಳಕ್ಕೆ ಅವನಿಗೂ ಅಂಕ. "ಮನಸಿನ್ಯಾಗ ಇಣಿಕಿ ನೋಡಾಕ ನಮಗ ಬರೂದಿಲ್ಲ ಸರ್. ಹಾಳಿ ಮ್ಯಾಲ ಏನೈತಿ, ಅದಕ್ಕಷ್ಟ ಮಾರ್ಕ್."

ಶಿವಾನಂದ ಪಟ್ಟಿ ನೋಡಿ, ಹತ್ತಿಮತ್ತೂರಿನ ಹೆಸರಿನ ಮೇಲೆ ಬೆರಳಿಟ್ಟು, ತಲೆ ಎತ್ತುತ್ತಾರೆ. "ಇದು ನಿಮ್ಮ ಹುಡುಗಿ ಅಲ್ರೀ?"

"ಹೌದ್ರಿ" ಎನ್ನುತ್ತಾರೆ ಟೀಚರ್. ಸಹಿ ಹಾಕುತ್ತಾರೆ. ತಪ್ಪು ತಮ್ಮದು ಎಂದು ಕೆಳಗೆ ಒಂದು ಸಾಲು ತಾವೇ ಬರೆಯುತ್ತಾರೆ. ಹನ್ನೊಂದು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದವರು ಅದನ್ನು ತಾವಾಗಿಯೇ ಇಟ್ಟುಕೊಳ್ಳುವುದನ್ನು ಕಂಡು ಹಿರಿಯರು ಪಕ್ಕದಲ್ಲೇ ತಮ್ಮ ಸಹಿಯನ್ನೂ ಹಾಕುತ್ತಾರೆ.

ಜಯಶ್ರೀಗೆ ಸುದ್ದಿ ಹೇಳಲು ಟೀಚರ್ ಅವಳ ಮನೆಗೇ ಹೋಗುತ್ತಾರೆ.

"ನನ್ನ ಉತ್ತರ ತಪ್ಪಾತೇನ್ರಿ?"

"ಇಲ್ಲವ್ವಾ. ನಿಂದೂ ಸರಿ, ಅವರದೂ ಸರಿ. ಪ್ರಶ್ನಿ ನಂದು ತಪ್ಪು."

"ನೀವು ಸುಮ್ಮನಿದ್ದಿದ್ರ ನಾ ಹೋಗ್ತಿದ್ನಲ್ರಿ?"

"ಹೋಗ್ತಿದ್ದಿ."

ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಎರಡು ದಿನ ಶಾಲೆಗೆ ಬರುವುದಿಲ್ಲ. ಟೀಚರ್ ಪಾಠ ಮಾಡುತ್ತಾರೆ, ಆದರೆ ಕಣ್ಣು ಮೂರನೇ ಬೆಂಚಿನ ಖಾಲಿ ಜಾಗದ ಮೇಲೆಯೇ ಇರುತ್ತದೆ.

ಮೂರನೆಯ ದಿನ ಬೆಳಗ್ಗೆ ಐದೂವರೆಗೆ ಅವರ ಮನೆಯ ಬಾಗಿಲು ಬಡಿಯುವ ಸದ್ದು. ಊದಿದ ಕಣ್ಣಿನ ಜಯಶ್ರೀ, ಕೈಯಲ್ಲಿ ಮುದುಡಿದ ಪ್ರಶ್ನೆಪತ್ರಿಕೆ. "ಇಪ್ಪತ್ತಾರನೇದಕ್ಕೂ ಎರಡು ಉತ್ತರ ಅದಾವು ನೋಡ್ರಿ ಟೀಚರ್!"

ಎರಡು ದಿನ ಕೂತು ನಲವತ್ತೂ ಪ್ರಶ್ನೆಗಳನ್ನು ಅವಳು ಜಾಲಾಡಿದ್ದಾಳೆ. ಟೀಚರ್ ಕನ್ನಡಕ ಏರಿಸಿ ನೋಡುತ್ತಾರೆ. ಇಲ್ಲ, ಅದಕ್ಕೆ ಒಂದೇ ಉತ್ತರ. ಯಾಕೆ ಒಂದೇ ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಉಕ್ಕಿ ಒಲೆ ಆರಿರುತ್ತದೆ.

ಶಾಲು, ಸನ್ಮಾನ ಏನಾದರೂ ಬೇಕೇ ಎಂದರೆ ಟೀಚರ್ ಕೈ ಆಡಿಸುತ್ತಾರೆ. ಆಸೆ ಇರುವುದು ಒಂದೇ. "ಮುಂದಿನ ವರ್ಷ ಜಯಶ್ರೀ ಈ ಪರೀಕ್ಷಾ ಬರಿಯಾಂಗಿಲ್ಲಲ್ರಿ. ಅದಕ್ಕ, ಅಚ್ಚಿಗೆ ಕೊಡೂ ಮೊದ್ಲ ಪ್ರಶ್ನಿ ಎಲ್ಲಾ ಆಕಿ ಕಡೆ ಓದಸ್ತೇನಿ. ನನ್ನ ತಪ್ಪು ಹುಡುಕಾಕ ಆಕಿಗಿಂತ ಹಟ ಇದ್ದವ್ರು ನನಗ ಯಾರು ಸಿಗ್ತಾರ?"