ಫ್ರಿಜ್ ಹಾಳೆಯ ನಾಲ್ಕುಗಳು

ಇಪ್ಪತ್ತೆರಡು ವರ್ಷ ನಮ್ಮ ಶಿಶುವಿಹಾರದ ಅಡುಗೆಮನೆಯನ್ನು ಆಳಿದವಳು ಯಾದ್ವಿಗಾ. ಅವಳ ಟೊಮೆಟೊ ಸೂಪು ಕುಡಿದು ಬೆಳೆದವರೇ ಈಗ ತಮ್ಮ ಮಕ್ಕಳನ್ನು ತಂದು ಬಿಡುತ್ತಾರೆ. ನಾನು ಅವಳ ಸಹಾಯಕಿ, ಬೈಸಿಕೊಂಡೇ ಕೆಲಸ ಕಲಿತವಳು. ಅವಳ ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು. ಅಷ್ಟರಲ್ಲಿ ಪಕ್ಕದ ಬೀದಿಯ ಶಾಲೆಗೆ ಆಹಾರ ತಪಾಸಣೆಯವರು ಬಂದು ಹೋದರೆಂಬ ಸುದ್ದಿ ಬಂತು. ಅವರು ಹೇಳಿ ಬರುವವರಲ್ಲ.

ಓಡಾಡಿದ್ದೇ ಓಡಾಡಿದ್ದು! ಸೀಳು ಬಿಟ್ಟ ಹಲಗೆ ಎಸೆದೆವು. ಒಡೆದ ಹಿಟ್ಟಿನ ಪೊಟ್ಟಣಕ್ಕೆ ದಿನಾಂಕ ಅಂಟಿಸಿದೆವು. ಫ್ರಿಜ್‌ನಲ್ಲಿ ಬೆಂದದ್ದರ ಮೇಲೆ ಕೂತಿದ್ದ ಹಸಿ ಕೋಳಿಯನ್ನು ಕೆಳಗಿಳಿಸಿದೆವು. ಪರೀಕ್ಷೆಗೆಂದು ಮೂರು ದಿನ ತೆಗೆದಿಡಬೇಕಾದ ಊಟದ ಮಾದರಿಗಳೂ ಚೀಟಿ ಹೊತ್ತು ಸಾಲಾಗಿ ನಿಂತವು. ಕೊನೆಗೆ ಕಾಗದ ಜೋಡಿಸಲು ಕೂತೆ. ರಿಪೇರಿ ಬಿಲ್ಲಿನ ಪ್ರಕಾರ ಮಾರ್ಚ್ ಹನ್ನೆರಡರಂದು ಫ್ರಿಜ್ ಇಡೀ ದಿನ ಕೆಟ್ಟು ನಿಂತಿತ್ತು. ಯಾದ್ವಿಗಾ ದಿನವೂ ಫ್ರಿಜ್ ತಾಪಮಾನ ಬರೆದಿಡುವ ಹಾಳೆಯಲ್ಲಿ ಅಂದೂ ನಾಲ್ಕು ಡಿಗ್ರಿ. ತಿಂಗಳಿಡೀ ನಾಲ್ಕೇ.

"ಯಾದ್ವಿಗಾ ಅವ್ರೇ, ಇದೇನ್ರೀ ಇದು?"

"ಇರಬೇಕಾದ್ದು ನಾಲ್ಕು ತಾನೆ ದಾನ್ಕಾ? ಅದನ್ನೇ ಬರೆದೆ."

"ನೋಡಿ ಬರೆದ್ರಾ?"

"ನೋಡೋದೇನು ಬಂತು! ಕೈ ಇಟ್ರೆ ಗೊತ್ತಾಗಲ್ವೇನೇ? ಅವತ್ತು ಬೆಳಿಗ್ಗೇನೇ ಮಾಂಸ ಎಲ್ಲಾ ಮಹಡಿ ಮೇಲಿನ ಫ್ರಿಜ್‌ಗೆ ಸಾಗಿಸಿದ್ದೆ."

ಮಾಡಿದ್ದು ಸರಿ, ಆದರೆ ಅದು ಹಾಳೆಯಲ್ಲಿಲ್ಲ; ಹಾಳೆಯಲ್ಲಿದ್ದದ್ದು ಸುಳ್ಳು. ವಿಷಯ ತಿಳಿದ ಶಿಶುವಿಹಾರದ ಮುಖ್ಯಸ್ಥೆ ರೆನಾತಾ ಯಾದ್ವಿಗಾಳ ಮುಂದೆ ಖಾಲಿ ಹಾಳೆ ತಂದಿಟ್ಟಳು.

"ಹೊಸದಾಗಿ ಬರೀರಿ. ಒಂದಿನ ಮೂರು, ಒಂದಿನ ಎರಡು. ಪೆನ್ನು ಬದಲಾಯಿಸ್ತಾ ಇರಿ. ಸಿಕ್ಕಿಬಿದ್ರೆ ನಿಮ್ಮ ಕೆಲಸಾನೇ ಹೋಗುತ್ತೆ, ನೆನಪಿರಲಿ."

"ನಾಲ್ಕು ಸುಳ್ಳು, ಮೂರು ನಿಜಾನಾ ಮೇಡಂ?" ಯಾದ್ವಿಗಾ ಪಿಳಿಪಿಳಿ ಕಣ್ಣು ಬಿಟ್ಟಳು. ಪೆನ್ನು ಕೈಗೆತ್ತಿಕೊಂಡಳು. ಆಮೇಲೆ ಎದ್ದು ಫ್ರಿಜ್ ತೆರೆದು ಅಂಗೈ ಇಟ್ಟಳು. "ತಣ್ಣಗೇ ಇದೆ," ಎಂದಳು. ಅನುಮಾನ ಹೋಗದೆ ಕನ್ನಡಕ ಏರಿಸಿ ಒಳಗಿನ ಥರ್ಮಾಮೀಟರ್ ನೋಡಿದಳು.

ಒಂಬತ್ತು.

ಬಾಗಿಲ ರಬ್ಬರು ಮೂಲೆಯಲ್ಲಿ ಹರಿದು ತಂಪು ಸೋರುತ್ತಿತ್ತು. ಯಾವಾಗಿನಿಂದಲೋ ಯಾರಿಗೂ ತಿಳಿಯದು. ಅವಳು ಖಾಲಿ ಹಾಳೆ ಹರಿದುಹಾಕಿ, ಹಳೆಯದರಲ್ಲೇ ಆ ದಿನದ ತಾರೀಕಿನ ಮುಂದೆ ಆಗಷ್ಟೇ ಕಂಡ ಒಂಬತ್ತನ್ನು ಬರೆದಳು. 'ಕೈಗೊಂಡ ಕ್ರಮ' ಎಂಬ ಕಾಲಂನಲ್ಲಿ ಮೊದಲ ಬಾರಿಗೆ ಅಕ್ಷರ ಬಿತ್ತು: ಕಟ್ಲೆಟ್, ಹಾಲು, ಕೆನೆ ಎಸೆಯಲಾಗಿದೆ, ರಿಪೇರಿಯವನಿಗೆ ಫೋನ್ ಮಾಡಲಾಗಿದೆ. ರೆನಾತಾ ಹಣೆ ಚಚ್ಚಿಕೊಂಡಳು.

ಮರುದಿನವೇ ತಪಾಸಣೆಯವಳು ಬಂದಳು. ಯಾದ್ವಿಗಾ ಏನನ್ನೂ ಮುಚ್ಚಿಡಲಿಲ್ಲ. ದಂಡ ಬಿತ್ತು, ಅಳೆದು ಬರೆಯುವುದನ್ನು ಹೊಸದಾಗಿ ಕಲಿಯಬೇಕೆಂಬ ಆದೇಶವೂ ಬಂತು. ಕೆಲಸ ಉಳಿಯಿತು. ಸದ್ಯ, ಬಚಾವಾದೆವು ಎಂದು ನಾನು ಚಹಾ ಸೋಸಿ ತಂದೆ.

ಯಾದ್ವಿಗಾ ಲೋಟ ಮುಟ್ಟಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಿದ್ದಳು.

"ದಾನ್ಕಾ, ಹೋದ ಚಳಿಗಾಲದಲ್ಲಿ ಮಕ್ಕಳಿಗೆ ವಾಂತಿ ಆಯ್ತಲ್ಲ, ಊರಿಗೆಲ್ಲಾ ಹರಡಿದ ಕಾಯಿಲೆ ಅಂತ ಸುಮ್ನಾದ್ವಲ್ಲ, ಆಗ ಫ್ರಿಜ್ ಎಷ್ಟು ಡಿಗ್ರಿ ಇತ್ತೇ?"

ನಾನು ಆ ತಿಂಗಳ ಹಾಳೆ ತೆಗೆದು ನೋಡಿದೆ. ನಾಲ್ಕು ಎಂದಿತ್ತು.